ಹಳದಿ ನುಡಿಯುವ ಸಾಕ್ಷಿ: ಹಾಲಿನ ಪಾಶ್ಚರೀಕರಣ ಮತ್ತು ಫಾಸ್ಫಟೇಸ್ ಪರೀಕ್ಷೆ



ಹಾಲನ್ನು ಕಾಯಿಸುವುದು ಸುಲಭ. ಕಾಯಿಸಿದ್ದಾಯಿತೆಂದು ಆಮೇಲೆ ತೋರಿಸುವುದು ಕಷ್ಟ. ಮನೆಯಲ್ಲಿ ಈ ಕಷ್ಟವಿಲ್ಲ. ಹಾಲು ಉಕ್ಕಿ ಬಂತೆಂದರೆ ಕಾದಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ಪಾಶ್ಚರೀಕರಿಸಿದ ಹಾಲು ಎಲ್ಲಿಯೂ ಉಕ್ಕುವುದಿಲ್ಲ, ಕುದಿಯುವುದೂ ಇಲ್ಲ. ಅದು 63 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ಗಂಟೆ ನಿಂತಿರುತ್ತದೆ, ಇಲ್ಲವೇ ಸುಮಾರು 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡು ಓಡಿರುತ್ತದೆ. ತಣ್ಣಗಾದ ಮೇಲೆ ಹಸಿ ಹಾಲಿಗೂ ಅದಕ್ಕೂ ಬಣ್ಣದಲ್ಲಿ ಭೇದವಿಲ್ಲ, ವಾಸನೆಯಲ್ಲಿ ಹೆಚ್ಚಿಲ್ಲ, ನಾಲಿಗೆಗೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಗಾದರೆ ಪ್ರತಿಯೊಂದು ಹನಿಗೂ ಆ ಬಿಸಿ ತಾಗಿತೇ ಎಂದು ಮರುದಿನ ಕೇಳುವವನಿಗೆ ಯಾವ ಉತ್ತರ ಕೊಡಬೇಕು? ಇಂದಿನ ಮಾತು ಆ ಉತ್ತರದ ಬಗ್ಗೆ, ಮತ್ತು ಆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದರ ಬಗ್ಗೆ.

ಲೂಯಿ ಪಾಶ್ಚರ್ ಕಾಯಿಸಿದ್ದು ದ್ರಾಕ್ಷಾರಸ ಕೆಡದಿರಲಿ ಎಂದು, 1860ರ ದಶಕದಲ್ಲಿ. ಮಕ್ಕಳಿಗೆ ಕೊಡುವ ಹಾಲನ್ನು ಕಾಯಿಸಬೇಕೆಂದು 1886ರಲ್ಲಿ ಒತ್ತಾಯಿಸಿದವರು ಜರ್ಮನಿಯ ಫ್ರಾಂಜ್ ಫಾನ್ ಸಾಕ್ಸ್‌ಲೆಟ್. ಹಾಲನ್ನು ಕಾಯಿಸಲು ಆಗ ಮುಖ್ಯ ಕಾರಣವಾಗಿದ್ದುದು ಕ್ಷಯ. ದನಗಳ ಕ್ಷಯದ ರೋಗಾಣು, ಮೈಕೋಬ್ಯಾಕ್ಟೀರಿಯಂ ಬೋವಿಸ್, ಹಾಲಿನೊಡನೆ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ದಾಟುತ್ತಿತ್ತು. ಕುತ್ತಿಗೆಯ ಗಂಟುಗಳು, ಮೂಳೆ, ಹೊಟ್ಟೆ ಎಲ್ಲೆಂದರಲ್ಲಿ ನೆಲೆಯೂರುತ್ತಿತ್ತು. ಹಾಲಿನಲ್ಲಿ ಬರಬಹುದಾದ, ಬೀಜಕ ಕಟ್ಟದ ರೋಗಾಣುಗಳ ಪೈಕಿ ಬಿಸಿಗೆ ಹೆಚ್ಚು ತಡೆಯುವುದು ಇದೇ ಎಂದು ಆಗ ತಿಳಿದಿದ್ದರು. ಇದನ್ನು ಕೊಲ್ಲುವ ಬಿಸಿ ಉಳಿದವನ್ನೂ ಕೊಲ್ಲುತ್ತದೆ ಎಂಬುದು ಲೆಕ್ಕಾಚಾರ. ಅಮೆರಿಕದ ಮಿಲ್ಟನ್ ರೋಸೆನೌ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ 60 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಸಾಕು ಎಂದು ತೋರಿಸಿದರು. ಪ್ರಯೋಗಾಲಯದ ಗಾಜಿನ ಕೊಳವೆಗೆ ಅಷ್ಟು ಸಾಕು. ಸಾವಿರ ಲೀಟರಿನ ತೊಟ್ಟಿಗೆ ಸ್ವಲ್ಪ ಹೆಚ್ಚಿನ ಅಂಚು ಬೇಕು. ಹೀಗೆ ಬಂದದ್ದು ಅರ್ಧ ಗಂಟೆಯ ಹೋಲ್ಡರ್ ವಿಧಾನ.

ಇನ್ನೂ ಸ್ವಲ್ಪ ಹೆಚ್ಚು ಕಾಯಿಸಿ ನಿಶ್ಚಿಂತೆಯಿಂದ ಇರಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಅಡ್ಡ ಬಂದದ್ದು ವಿಜ್ಞಾನವಲ್ಲ, ಗಿರಾಕಿ. ಆಗಿನ ಗಿರಾಕಿ ಗಾಜಿನ ಬಾಟಲಿಯಲ್ಲಿ ಮೇಲೆ ಎಷ್ಟು ದಪ್ಪ ಕೆನೆ ಕಟ್ಟಿದೆ ಎಂದು ನೋಡಿ ಹಾಲಿಗೆ ಬೆಲೆ ಕಟ್ಟುತ್ತಿದ್ದ. ಅರ್ಧ ಗಂಟೆಯ ಕಾಲ 63 ಡಿಗ್ರಿಗಿಂತ ಮೇಲೆ ಹಿಡಿದರೆ ಕೆನೆ ಕಟ್ಟುವ ಗುಣ ಕುಗ್ಗುತ್ತದೆ. ಹಾಗಾಗಿ ವ್ಯಾಪಾರಿ ಒಂದು ಡಿಗ್ರಿಯನ್ನೂ ಹೆಚ್ಚು ಕೊಡಲು ತಯಾರಿರಲಿಲ್ಲ, ಆರೋಗ್ಯ ಇಲಾಖೆ ಒಂದು ಡಿಗ್ರಿಯನ್ನೂ ಬಿಡಲು ತಯಾರಿರಲಿಲ್ಲ. ಇಷ್ಟು ಇಕ್ಕಟ್ಟಾದ ಅಂಚಿನಲ್ಲಿ ಕೆಲಸ ಮಾಡುವಾಗ ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ತೊಟ್ಟಿಯ ಪಕ್ಕದಲ್ಲೇ ನಿಂತು ನೋಡಬೇಕು.

ಹೋಲ್ಡರ್ ತೊಟ್ಟಿ ಎಂದರೆ ಎರಡು ಗೋಡೆಯ ಉಕ್ಕಿನ ಪಾತ್ರೆ. ಗೋಡೆಗಳ ನಡುವೆ ಬಿಸಿನೀರು ಅಥವಾ ಹಬೆ ಸುತ್ತುತ್ತದೆ, ಒಳಗೆ ಕಲಕುವ ರೆಕ್ಕೆ ನಿಧಾನವಾಗಿ ತಿರುಗುತ್ತಿರುತ್ತದೆ. ಹಾಲೆಲ್ಲ 63 ಡಿಗ್ರಿ ಮುಟ್ಟಿದ ಮೇಲೆ ಗಡಿಯಾರ ಶುರು. ನಡುವೆ ಹಸಿ ಹಾಲು ಒಂದು ಲೋಟ ಬಿದ್ದರೂ ಗಡಿಯಾರ ಮತ್ತೆ ಸೊನ್ನೆಗೆ. ಇದು ಎಲ್ಲರಿಗೂ ಗೊತ್ತಿರುವ ನಿಯಮ. ಗೊತ್ತಿಲ್ಲದೆ ಕೆಡುವ ಜಾಗಗಳು ಬೇರೆ. ಒಂದು, ಮೇಲಿನ ನೊರೆ. ಥರ್ಮಾಮೀಟರಿನ ಬುಡ ಹಾಲಿನಲ್ಲಿ ಮುಳುಗಿ 63 ತೋರಿಸುತ್ತಿದ್ದರೂ ನೊರೆಯೊಳಗಿನ ಹಾಲು ಅದಕ್ಕಿಂತ ತಣ್ಣಗಿರುತ್ತದೆ. ಅದಕ್ಕೇ ಒಳ್ಳೆಯ ತೊಟ್ಟಿಗಳಲ್ಲಿ ಮುಚ್ಚಳದ ಕೆಳಗಿನ ಗಾಳಿಗೂ ಪ್ರತ್ಯೇಕ ಥರ್ಮಾಮೀಟರ್ ಇರುತ್ತದೆ. ಆ ಗಾಳಿ ಹಾಲಿಗಿಂತ ಸುಮಾರು ಮೂರು ಡಿಗ್ರಿ ಹೆಚ್ಚು ಬಿಸಿಯಿರಬೇಕು, ಬೇಕಾದರೆ ಅಲ್ಲಿಗೇ ಹಬೆ ಬಿಡಬೇಕು. ಇನ್ನೊಂದು, ತಳದ ವಾಲ್ವು. ತೊಟ್ಟಿಗೂ ವಾಲ್ವಿನ ಬಾಯಿಗೂ ನಡುವಿನ ಒಂದು ಗೇಣು ಕೊಳವೆಯಲ್ಲಿ ಮೊದಲಿಗೇ ಇಳಿದು ನಿಂತ ಹಾಲಿಗೆ ರೆಕ್ಕೆಯ ಕಲಕಾಟವೂ ಇಲ್ಲ, ಗೋಡೆಯ ಬಿಸಿಯೂ ಇಲ್ಲ. ಅರ್ಧ ಗಂಟೆ ಕಳೆದು ವಾಲ್ವು ತಿರುಗಿಸಿದಾಗ ಎಲ್ಲಕ್ಕಿಂತ ಮೊದಲು ಹೊರಗೆ ಬರುವುದು ಆ ಹಸಿ ಹಾಲೇ. ಬಂದದ್ದೇ ಮುಂದಿನ ಕೊಳವೆಗಳನ್ನೂ ತಣಿಸುವ ಯಂತ್ರವನ್ನೂ ತೊಳೆದುಕೊಂಡು ಹೋಗುತ್ತದೆ. ಇದನ್ನು ಕಂಡುಕೊಂಡ ಮೇಲೆ ತೊಟ್ಟಿಯ ಗೋಡೆಗೆ ಅಂಟಿಕೊಂಡೇ ಮುಚ್ಚುವ ವಾಲ್ವುಗಳು ಬಂದವು.

ಈ ಎರಡೂ ತಪ್ಪುಗಳನ್ನು ತಾಪಮಾನದ ಚಾರ್ಟು ಹೇಳುವುದಿಲ್ಲ. ಚಾರ್ಟಿನ ಮೇಲೆ ಗೆರೆ 63ರಲ್ಲಿ ನೇರವಾಗಿ ಎಳೆದಂತಿರುತ್ತದೆ. ಥರ್ಮಾಮೀಟರ್ ತಾನಿರುವ ಜಾಗದ ಸುದ್ದಿ ಹೇಳುತ್ತದೆ, ಅಷ್ಟೇ. ಸಾವಿರ ಲೀಟರಿನ ಪ್ರತಿಯೊಂದು ಹನಿಯ ಸುದ್ದಿ ಬೇಕಾದರೆ ಸಾಕ್ಷಿ ಹಾಲಿನೊಳಗೇ ಇರಬೇಕು.

ರೋಗಾಣುವನ್ನೇ ಹುಡುಕಬಾರದೇ? ಕ್ಷಯದ ರೋಗಾಣುವನ್ನು ಬೆಳೆಸಿ ನೋಡಲು ವಾರಗಟ್ಟಲೆ ಬೇಕು. ಆಗಿನ ದಾರಿ, ಗಿನಿ ಹಂದಿಗೆ ಹಾಲು ಚುಚ್ಚಿ ಅದಕ್ಕೆ ಕ್ಷಯ ಬರುತ್ತದೆಯೇ ಎಂದು ಕಾಯುವುದು, ಅದಕ್ಕೂ ಅಷ್ಟೇ ಸಮಯ. ಹಾಲೋ ಮರುದಿನ ಬೆಳಿಗ್ಗೆ ಕಾಫಿಗೆ ಬೀಳುವ ಪದಾರ್ಥ. ಹಾಗಾಗಿ ಬೇಕಾಗಿದ್ದುದು ಇಂಥ ಸಾಕ್ಷಿ: ಎಲ್ಲ ಹಸಿ ಹಾಲಿನಲ್ಲೂ ಸಹಜವಾಗಿ ಇರಬೇಕು, ಕ್ಷಯದ ರೋಗಾಣು ಸತ್ತ ಸ್ವಲ್ಪ ಹೊತ್ತಿನ ಮೇಲೆ ತಾನೂ ನಾಶವಾಗಬೇಕು, ಉಳಿದಿದ್ದರೆ ಕಣ್ಣಿಗೆ ಕಾಣುವಂತಿರಬೇಕು.

ಇದಕ್ಕೆ ಹಿಂದೆ ಒಂದು ಮಾದರಿ ಇತ್ತು. ಡೆನ್ಮಾರ್ಕಿನಲ್ಲಿ ಬೆಣ್ಣೆ ತೆಗೆದ ಹಾಲನ್ನು ಡೇರಿಯಿಂದ ಹಳ್ಳಿಗೆ ವಾಪಸು ಕಳಿಸಿ ಕರುಗಳಿಗೂ ಹಂದಿಗಳಿಗೂ ಕುಡಿಸುತ್ತಿದ್ದರು. ಒಬ್ಬನ ಹಟ್ಟಿಯ ಕ್ಷಯ ಎಲ್ಲರ ಹಟ್ಟಿಗೂ ಹೋಗಲು ಅದೇ ದಾರಿಯಾಗಿತ್ತು. ಅದನ್ನು ಚೆನ್ನಾಗಿ ಕಾಯಿಸಿಯೇ ಕಳಿಸಬೇಕೆಂದು 1898ರಲ್ಲಿ ಕಾನೂನು ಬಂತು. ಕಾಯಿಸಿದ್ದಾರೋ ಇಲ್ಲವೋ ಎಂದು ನೋಡಲು ಸ್ಟಾರ್ಕ್ ಎಂಬ ರಸಾಯನಜ್ಞರು ಹಾಲಿನ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಬಳಸಿಕೊಂಡರು. ಆದರೆ ಆ ಕಿಣ್ವ ನಾಶವಾಗುವುದು ಸುಮಾರು 80 ಡಿಗ್ರಿಯಲ್ಲಿ. ಹೋಲ್ಡರ್ ತೊಟ್ಟಿಯ 63 ಡಿಗ್ರಿಗೆ ಅದು ಅಲುಗಾಡುವುದೇ ಇಲ್ಲ. ಸರಿಯಾಗಿ ಪಾಶ್ಚರೀಕರಿಸಿದ ಹಾಲೂ ಹಸಿ ಹಾಲೂ ಅದಕ್ಕೆ ಒಂದೇ. ಬೇರೆ ಸಾಕ್ಷಿ ಬೇಕಾಯಿತು.

ಅದು ಸಿಕ್ಕಿದ್ದು 1930ರ ದಶಕದಲ್ಲಿ, ಇಂಗ್ಲೆಂಡಿನ ರೆಡಿಂಗ್ ಬಳಿ ಶಿನ್‌ಫೀಲ್ಡಿನಲ್ಲಿದ್ದ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ. ಎಚ್. ಡಿ. ಕೇ ಮತ್ತು ಡಬ್ಲ್ಯೂ. ಆರ್. ಗ್ರಹಾಂ ಹಾಲಿನಲ್ಲಿರುವ ರಂಜಕದ ಸಂಯುಕ್ತಗಳನ್ನು ಅಭ್ಯಾಸ ಮಾಡುತ್ತಿದ್ದರು. ಹಸಿ ಹಾಲಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವಿದೆ. ಕೊಬ್ಬಿನ ಕಣಗಳ ಹೊರಪದರಕ್ಕೆ ಅಂಟಿಕೊಂಡಿರುವ ಇದರ ಕೆಲಸ, ಸಾವಯವ ವಸ್ತುವಿಗೆ ಕಟ್ಟಿಕೊಂಡ ಫಾಸ್ಫೇಟನ್ನು ಕತ್ತರಿಸಿ ಬೇರ್ಪಡಿಸುವುದು. ಇದರ ಅದೃಷ್ಟವೋ ನಮ್ಮ ಅದೃಷ್ಟವೋ, 63 ಡಿಗ್ರಿಯ ಅರ್ಧ ಗಂಟೆಯಲ್ಲಿ ಇದು ಹೆಚ್ಚುಕಡಿಮೆ ಪೂರ್ತಿ ನಾಶವಾಗುತ್ತದೆ, ಆದರೆ ಕ್ಷಯದ ರೋಗಾಣುವಿಗಿಂತ ತುಸು ಹೆಚ್ಚು ಹೊತ್ತು ತಡೆಯುತ್ತದೆ. ಬೇಕಾಗಿದ್ದ ಅಂಚು ಅದೇ. 1935ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಹಾಲಿಗೆ ಫೀನೈಲ್ ಫಾಸ್ಫೇಟ್ ಬೆರೆಸಿ ಬೆಚ್ಚಗಿಡುತ್ತಿದ್ದರು. ಕಿಣ್ವ ಉಳಿದಿದ್ದರೆ ಫೀನಾಲ್ ಬಿಡುಗಡೆಯಾಗುತ್ತದೆ, ಇನ್ನೊಂದು ರಾಸಾಯನಿಕ ಸೇರಿಸಿದಾಗ ನೀಲಿ ಬಣ್ಣ ಬರುತ್ತದೆ. ಸೂಕ್ಷ್ಮವಾಗಿ ನೋಡಬೇಕಾದರೆ ಒಂದು ಇಡೀ ದಿನ ಬೆಚ್ಚಗಿಡಬೇಕಿತ್ತು. ಗಿನಿ ಹಂದಿಯ ವಾರಗಳೊಂದಿಗೆ ಹೋಲಿಸಿದರೆ ಒಂದು ದಿನ ಏನೂ ಅಲ್ಲ.

ನಾವು ಇಂದಿಗೂ ಡೇರಿ ಪ್ರಯೋಗಾಲಯಗಳಲ್ಲಿ ಮಾಡುವುದು 1949ರಲ್ಲಿ ಆಶಾಫೆನ್‌ಬರ್ಗ್ ಮತ್ತು ಮುಲೆನ್ ಸರಳಗೊಳಿಸಿದ ರೂಪ. ಇದರಲ್ಲಿ ಬಳಸುವ ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟಿಗೆ ಬಣ್ಣವಿಲ್ಲ. ಕಿಣ್ವ ಅದರಿಂದ ಫಾಸ್ಫೇಟನ್ನು ಕತ್ತರಿಸಿದರೆ ಉಳಿಯುವ ನೈಟ್ರೋಫೀನಾಲ್ ಕ್ಷಾರದಲ್ಲಿ ತಾನಾಗಿಯೇ ಹಳದಿ. ಇನ್ನೊಂದು ರಾಸಾಯನಿಕ ಬೇಡ, ಸೋಸುವುದೂ ಬೇಡ. ಸೋಡಿಯಂ ಕಾರ್ಬನೇಟು ಮತ್ತು ಬೈಕಾರ್ಬನೇಟು ಸೇರಿಸಿ ಮಾಡಿದ ಕ್ಷಾರದ್ರಾವಣದಲ್ಲಿ, ಲೀಟರಿಗೆ ಒಂದೂವರೆ ಗ್ರಾಮಿನಂತೆ ಈ ಪದಾರ್ಥವನ್ನು ಕರಗಿಸಿಟ್ಟುಕೊಳ್ಳಬೇಕು. ಪ್ರನಾಳಕ್ಕೆ ಐದು ಮಿಲಿಲೀಟರ್ ದ್ರಾವಣ ಹಾಕಿ 37 ಡಿಗ್ರಿಯ ನೀರಿನಲ್ಲಿ ಬೆಚ್ಚಗಾಗಿಸಿ, ಒಂದು ಮಿಲಿಲೀಟರ್ ಹಾಲು ಸೇರಿಸಿ, ಬೂಚು ಹಾಕಿ, ಅಲುಗಿಸಿ, ಎರಡು ಗಂಟೆ ಅದೇ ನೀರಿನಲ್ಲಿಡಬೇಕು. ಪಕ್ಕದಲ್ಲಿ ಇನ್ನೊಂದು ಪ್ರನಾಳ ಇರಲೇಬೇಕು. ಅದರಲ್ಲಿ ಅದೇ ಬಗೆಯ ಹಾಲನ್ನು ಕುದಿಸಿ ಆರಿಸಿ ಹಾಕಿರುತ್ತೇವೆ. ಕುದಿಸಿದ ಹಾಲಿನಲ್ಲಿ ಕಿಣ್ವ ಇರಲು ಸಾಧ್ಯವಿಲ್ಲ, ಆದ್ದರಿಂದ ಅದು ಹಳದಿಯಾದರೆ ತಪ್ಪು ಹಾಲಿನದಲ್ಲ, ಹಳತಾಗಿ ತಾನೇ ಒಡೆದುಕೊಂಡ ದ್ರಾವಣದ್ದು. ಕೊನೆಗೆ ಎರಡು ಪ್ರನಾಳಗಳನ್ನೂ ಲೋವಿಬಾಂಡ್ ಕಂಪ್ಯಾರೇಟರಿನಲ್ಲಿಟ್ಟು ಬಣ್ಣದ ಗಾಜುಗಳ ತಟ್ಟೆ ತಿರುಗಿಸಿ ಹೋಲಿಸುತ್ತೇವೆ. ತಟ್ಟೆಯ ಮೇಲಿನ ಅಂಕಿಗಳು 0, 6, 10, 14, 18, 25, 42. ಒಂದು ಮಿಲಿಲೀಟರ್ ಹಾಲಿಗೆ ಇಷ್ಟು ಮೈಕ್ರೋಗ್ರಾಂ ನೈಟ್ರೋಫೀನಾಲ್ ಬಿಡುಗಡೆಯಾಯಿತು ಎಂದು ಅದರ ಅರ್ಥ. 10 ಅಥವಾ ಅದಕ್ಕಿಂತ ಕಡಿಮೆಯಾದರೆ ಪಾಸು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಪಿಪೆಟ್ಟನ್ನು ಬಾಯಲ್ಲಿ ಹೀರುವ ಹಳೆಯ ಅಭ್ಯಾಸವಿರುವವರು ಈ ಪರೀಕ್ಷೆಯಲ್ಲಾದರೂ ಅದನ್ನು ಬಿಡಿ. ನಮ್ಮ ಎಂಜಲಿನಲ್ಲೂ ಫಾಸ್ಫಟೇಸ್ ಇದೆ. ಒಂದು ತುಣುಕು ಎಂಜಲು ಒಳ್ಳೆಯ ಹಾಲನ್ನು ಫೇಲು ಮಾಡಬಲ್ಲದು. ಹಸಿ ಹಾಲಿಗೆ ಬಳಸಿದ ಪಿಪೆಟ್ಟನ್ನು ತೊಳೆಯದೆ ಪಾಶ್ಚರೀಕರಿಸಿದ ಹಾಲಿಗೆ ಹಾಕಿದರೂ ಅಷ್ಟೇ. ಬಿಸಿಲು ಬೀಳುವ ಕಿಟಕಿಯ ಬಳಿ ಪ್ರನಾಳಗಳನ್ನು ಇಡುವುದೂ ಬೇಡ.

ಈಗ ಎರಡನೆಯ ವಿಧಾನಕ್ಕೆ ಬರೋಣ. ಇಂದು ನಮ್ಮ ರಾಜ್ಯದ ದೊಡ್ಡ ಡೇರಿಗಳಲ್ಲೆಲ್ಲ ನಡೆಯುವುದು ಇದೇ: ಹೆಚ್ಚು ಬಿಸಿ, ಕಡಿಮೆ ಹೊತ್ತು. ಡೇರಿಯವರ ಬಾಯಲ್ಲಿ ಎಚ್‌ಟಿಎಸ್‌ಟಿ. ನಮ್ಮ ಆಹಾರ ಸುರಕ್ಷತಾ ನಿಯಮ ಕೇಳುವುದು ಸುಮಾರು 72 ಡಿಗ್ರಿ, ಹದಿನೈದು ಸೆಕೆಂಡು. ಬೇರೆ ಯಾವುದೇ ತಾಪ ಮತ್ತು ಕಾಲದ ಜೋಡಿಯನ್ನು ಬಳಸುವುದಾದರೂ ಅದು ಫಾಸ್ಫಟೇಸ್ ಪರೀಕ್ಷೆಯಲ್ಲಿ ನೆಗೆಟಿವ್ ಬರಬೇಕು. ಅಂದರೆ ಪಾಶ್ಚರೀಕರಣದ ಅಳತೆಗೋಲಾಗಿ ನಿಯಮವೇ ಈ ಕಿಣ್ವವನ್ನು ಹಿಡಿದಿದೆ.

ಈ ವಿಧಾನಕ್ಕೆ ಬೇಕಾದ ಯಂತ್ರ 1920ರ ದಶಕದಲ್ಲಿ ಇಂಗ್ಲೆಂಡಿನ ರಿಚರ್ಡ್ ಸೆಲಿಗ್‌ಮನ್ ರೂಪಿಸಿದ ಪ್ಲೇಟುಗಳ ಶಾಖ ವಿನಿಮಯ ಯಂತ್ರ. ಅಲೆಅಲೆಯಾಗಿ ಒತ್ತಿದ ತೆಳು ಉಕ್ಕಿನ ತಗಡುಗಳನ್ನು ರಬ್ಬರ್ ಗ್ಯಾಸ್ಕೆಟ್ ಇಟ್ಟು ಒಂದಕ್ಕೊಂದು ಬಿಗಿದಿರುತ್ತಾರೆ. ತಗಡಿನ ಒಂದು ಮಗ್ಗುಲಿಗೆ ತಣ್ಣನೆಯ ಹಸಿ ಹಾಲು, ಇನ್ನೊಂದು ಮಗ್ಗುಲಿಗೆ ಆಗಲೇ ಪಾಶ್ಚರೀಕರಿಸಿ ಬಂದ ಬಿಸಿ ಹಾಲು. ಹೋಗುವ ಹಾಲು ತನ್ನ ಬಿಸಿಯನ್ನು ಬರುವ ಹಾಲಿಗೆ ಕೊಟ್ಟು ತಾನು ತಣ್ಣಗಾಗುತ್ತದೆ. ಈ ಭಾಗಕ್ಕೆ ರೀಜನರೇಷನ್ ಎನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲು ಬಿಸಿ ಹೀಗೆ ಉಳಿದರೆ, 4 ಡಿಗ್ರಿಯಲ್ಲಿ ಒಳಬಂದ ಹಾಲು ಬಿಸಿನೀರನ್ನು ಕಾಣುವ ಮೊದಲೇ 65 ಡಿಗ್ರಿ ಮುಟ್ಟಿರುತ್ತದೆ. ಉಳಿದ ಏಳು ಡಿಗ್ರಿಗೆ ಮಾತ್ರ ಇಂಧನ. ಹೋಲ್ಡರ್ ತೊಟ್ಟಿ ದೊಡ್ಡ ಡೇರಿಗಳಿಂದ ಮರೆಯಾಗಲು ಈ ಉಳಿತಾಯಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಹದಿನೈದು ಸೆಕೆಂಡನ್ನು ಅಳೆಯುವುದು ಗಡಿಯಾರವಲ್ಲ, ಕೊಳವೆಯ ಉದ್ದ. ಗಂಟೆಗೆ ಐದು ಸಾವಿರ ಲೀಟರ್ ಹಾಲು ಹರಿಯುತ್ತಿದೆ ಎನ್ನಿ. ಹದಿನೈದು ಸೆಕೆಂಡಿಗೆ ಸುಮಾರು ಇಪ್ಪತ್ತೊಂದು ಲೀಟರ್. ಒಳಗಿನ ಅಗಲ ಐದು ಸೆಂಟಿಮೀಟರ್ ಇರುವ ಕೊಳವೆಯಲ್ಲಿ ಅಷ್ಟು ಹಾಲು ಹಿಡಿಸಲು ಹತ್ತೂವರೆ ಮೀಟರಿಗಿಂತ ತುಸು ಹೆಚ್ಚು ಉದ್ದ ಬೇಕು. ಆದರೆ ಕೊಳವೆಯ ನಡುವಿನ ಹಾಲು ಗೋಡೆಯ ಬದಿಯ ಹಾಲಿಗಿಂತ ಬೇಗ ಓಡುತ್ತದೆ. ನಮಗೆ ಬೇಕಾದದ್ದು ಸರಾಸರಿ ಹನಿಯ ಹದಿನೈದು ಸೆಕೆಂಡಲ್ಲ, ಎಲ್ಲಕ್ಕಿಂತ ಅವಸರದ ಹನಿಯ ಹದಿನೈದು ಸೆಕೆಂಡು. ಹಾಗಾಗಿ ಹದಿಮೂರು ಮೀಟರಿನಷ್ಟು ಕೊಳವೆ ಹಾಕುತ್ತಾರೆ. ಗಾಳಿ ನಿಲ್ಲದಂತೆ ಅದನ್ನು ಮೇಲ್ಮುಖವಾಗಿ ಓರೆಯಾಗಿಡುತ್ತಾರೆ. ಉಪ್ಪುನೀರನ್ನು ಒಂದು ತುದಿಯಲ್ಲಿ ಚುಚ್ಚಿ, ಅದು ಇನ್ನೊಂದು ತುದಿಯ ವಿದ್ಯುತ್ ಕಡ್ಡಿಗೆ ಮೊದಲು ತಗಲುವ ಕ್ಷಣವನ್ನು ಅಳೆದು ಖಾತರಿ ಮಾಡಿಕೊಳ್ಳುತ್ತಾರೆ. ಮುಂದೆ ಯಾರೋ ಉತ್ಪಾದನೆ ಹೆಚ್ಚಲಿ ಎಂದು ಪಂಪಿನ ವೇಗವನ್ನು ಆರೂವರೆ ಸಾವಿರ ಲೀಟರಿಗೆ ಏರಿಸಿದರೆ ಆ ಅವಸರದ ಹನಿಗೆ ಸಿಗುವುದು ಹನ್ನೊಂದೂವರೆ ಸೆಕೆಂಡು. ಚಾರ್ಟಿನ ಮೇಲಿನ 72 ಮಾತ್ರ ಹಾಗೇ ಇರುತ್ತದೆ.

ಕೊಳವೆಯ ತುದಿಯಲ್ಲಿ ಹರಿವನ್ನು ತಿರುಗಿಸುವ ವಾಲ್ವು ಕಾದಿರುತ್ತದೆ. ಹಾಲಿನ ಬಿಸಿ ನಿಗದಿಗಿಂತ ಇಳಿದರೆ ಅದು ಹಾಲನ್ನು ಮುಂದೆ ಬಿಡದೆ ಮೊದಲಿನ ತೊಟ್ಟಿಗೇ ವಾಪಸು ಕಳಿಸುತ್ತದೆ. ಆ ವಾಲ್ವಿನ ಸೀಟು ಸವೆದು ಸೋರುತ್ತಿದ್ದರೆ ಅರೆಕಾದ ಹಾಲು ಮುಂದಕ್ಕೆ ನುಸುಳುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಇಡೀ ಯಂತ್ರದ ಅತಿ ಸೂಕ್ಷ್ಮ ಜಾಗ ವಾಲ್ವು ಅಲ್ಲ, ಎಲ್ಲರೂ ಉಳಿತಾಯಕ್ಕಾಗಿ ಹೊಗಳುವ ರೀಜನರೇಷನ್ ಭಾಗ. ಅಲ್ಲಿ ಹಸಿ ಹಾಲಿಗೂ ಪಾಶ್ಚರೀಕರಿಸಿದ ಹಾಲಿಗೂ ನಡುವೆ ಇರುವುದು ಒಂದು ಮಿಲಿಮೀಟರಿಗಿಂತ ತೆಳುವಾದ ತಗಡು.

ಒಂದು ಪ್ರಸಂಗವನ್ನು ಕಲ್ಪಿಸಿಕೊಂಡು ಹಂತಹಂತವಾಗಿ ನೋಡೋಣ. ಐದು ಸಾವಿರ ಲೀಟರಿನ ಅದೇ ಯಂತ್ರ ಎರಡು ಗಂಟೆ ಓಡಿ ಹತ್ತು ಸಾವಿರ ಲೀಟರಿನ ಸೈಲೋ ತುಂಬಿಸಿದೆ. ಚಾರ್ಟಿನಲ್ಲಿ 72.5, ಒಂದು ಕಡೆಯೂ ಇಳಿದಿಲ್ಲ. ಸೈಲೋದಿಂದ ತೆಗೆದ ಹಾಲು ಎರಡು ಗಂಟೆಯ ನಂತರ ತಟ್ಟೆಯ 18ರ ಗಾಜಿಗೆ ಹೊಂದುತ್ತದೆ. ಫೇಲು. ಕುದಿಸಿದ ಹಾಲಿನ ಪ್ರನಾಳ ಬೆಳ್ಳಗಿದೆ, ಅಂದರೆ ದ್ರಾವಣ ಸರಿಯಿದೆ. ಮೊದಲ ಕೆಲಸ, ಸೈಲೋದ ವಾಲ್ವಿಗೆ ಬೀಗ. ಎರಡನೆಯದು, ಯಂತ್ರ ಓಡುತ್ತಿರುವಾಗಲೇ ದಾರಿಯುದ್ದಕ್ಕೂ ಮಾದರಿ ತೆಗೆಯುವುದು: ಹೋಲ್ಡಿಂಗ್ ಕೊಳವೆ ಮುಗಿದ ಕೂಡಲೇ ಒಂದು, ರೀಜನರೇಷನ್ ದಾಟಿದ ಮೇಲೆ ಒಂದು, ತಣಿಸುವ ಭಾಗದಿಂದ ಹೊರಬಿದ್ದ ಮೇಲೆ ಒಂದು, ಸೈಲೋದ ಬಾಯಲ್ಲಿ ಒಂದು. ಕೊಳವೆಯ ತುದಿಯದು ಸೊನ್ನೆಗೂ ಆರಕ್ಕೂ ನಡುವೆ ನಿಂತರೆ ಕಾಯಿಸಿದ್ದು ಸರಿಯಾಗಿದೆ. ಬಿಸಿಯ ಮೇಲೂ ವೇಗದ ಮೇಲೂ ಸಂಶಯ ಬೇಡ. ರೀಜನರೇಷನ್ ದಾಟಿದ ಮಾದರಿಯಲ್ಲೇ 18 ಕಂಡುಬಂದು ಮುಂದೆಲ್ಲ ಹಾಗೆಯೇ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಒಂದು ಪ್ಲೇಟಿನಲ್ಲಿ ಸೂಜಿಮೊನೆಯ ತೂತೋ ಕೂದಲೆಳೆಯ ಸೀಳೋ ಇದೆ, ಹಸಿ ಹಾಲು ಅಲ್ಲಿಂದ ಇತ್ತ ಬರುತ್ತಿದೆ.

ಎಷ್ಟು ಬಂದಿರಬಹುದು? ಹಸಿ ಹಾಲಿನ ಫಾಸ್ಫಟೇಸ್ ಹಸುವಿನಿಂದ ಹಸುವಿಗೆ, ಕರು ಹಾಕಿದ ತಿಂಗಳಿನಿಂದ ತಿಂಗಳಿಗೆ ಬದಲಾಗುವುದರಿಂದ ಇದು ಅಂದಾಜಿನ ಲೆಕ್ಕ. ಸಾಮಾನ್ಯವಾಗಿ ನೂರಕ್ಕೆ 0.2ರಷ್ಟು ಹಸಿ ಹಾಲು ಬೆರೆತರೆ ಈ ಪರೀಕ್ಷೆ ಹಿಡಿಯುತ್ತದೆ. ಹತ್ತು ಸಾವಿರ ಲೀಟರಿನಲ್ಲಿ ಅದು ಇಪ್ಪತ್ತು ಲೀಟರ್, ನಮ್ಮ ಹಾಲಿನ ಕ್ಯಾನಿನ ಅರ್ಧ. 18ರ ಬಣ್ಣ ಬಂದಾಗ ಹತ್ತಿರ ಹತ್ತಿರ ಒಂದು ಇಡೀ ಕ್ಯಾನು ಹಸಿ ಹಾಲು ಸೇರಿರಬಹುದು. ಎರಡು ಗಂಟೆಗೆ ಹಂಚಿದರೆ ನಿಮಿಷಕ್ಕೆ ಮೂರನೇ ಒಂದು ಲೀಟರ್. ಚಾರ್ಟು, ಮೀಟರು, ಕಣ್ಣು, ಮೂಗು ಯಾವುದಕ್ಕೂ ಸಿಗದ ಸೋರಿಕೆ ಅದು.

ಅದೇ ಸೀಳಿನಲ್ಲಿ ಹಾಲು ಎದುರು ದಿಕ್ಕಿಗೂ ಹರಿಯಬಹುದಿತ್ತು, ಅದು ಒತ್ತಡದ ಪ್ರಶ್ನೆ. ಪಾಶ್ಚರೀಕರಿಸಿದ ಹಾಲಿನ ಕಡೆ ಒತ್ತಡ ಯಾವಾಗಲೂ ಹೆಚ್ಚಿರುವಂತೆ ಯಂತ್ರವನ್ನು ಕಟ್ಟಬೇಕೆಂಬುದು ನಿಯಮ. ಆಗ ಸೀಳಿದ್ದರೂ ಕಾದ ಹಾಲು ಹಸಿ ಹಾಲಿಗೆ ಸೇರಿ ಮತ್ತೊಮ್ಮೆ ಕಾಯುತ್ತದೆ, ಯಾರಿಗೂ ನಷ್ಟವಿಲ್ಲ. ಹಾಗಾಗಿ 18 ಕಂಡ ರಾತ್ರಿ ಹುಡುಕಬೇಕಾದ ತಪ್ಪು ಒಂದಲ್ಲ, ಎರಡು. ಪ್ಲೇಟನ್ನು ಬಿಚ್ಚಿ ಒಂದು ಮಗ್ಗುಲಿಗೆ ಬಣ್ಣದ ದ್ರಾವಣ ಬಳಿದು ಇನ್ನೊಂದು ಮಗ್ಗುಲಲ್ಲಿ ಸೀಳು ಹುಡುಕುವುದು ಒಂದು. ಒತ್ತಡ ತಲೆಕೆಳಗಾದದ್ದು ಹೇಗೆ ಎಂದು ನೋಡುವುದು ಇನ್ನೊಂದು. ಹಸಿ ಹಾಲಿನ ಬದಿಗೆ ಯಾರಾದರೂ ಹೊಸದಾಗಿ ದೊಡ್ಡ ಪಂಪು ಜೋಡಿಸಿರುತ್ತಾರೆ, ಅಥವಾ ಮುಂದಿನ ಬದಿಯ ವಾಲ್ವು ಪೂರ್ತಿ ತೆರೆದು ಒತ್ತಡ ಕಳೆದುಹೋಗಿರುತ್ತದೆ. ಪ್ಲೇಟು ಮಾತ್ರ ಬದಲಿಸಿ ಸುಮ್ಮನಾದರೆ ಮುಂದಿನ ಸೀಳಿನ ದಿನ ಇದೇ ಕಥೆ. ಸೈಲೋದಲ್ಲಿರುವ ಹಾಲನ್ನು ಚೆಲ್ಲಬೇಕಿಲ್ಲ. ಸರಿಪಡಿಸಿದ ಯಂತ್ರದಲ್ಲಿ ಮತ್ತೆ ಪಾಶ್ಚರೀಕರಿಸಬಹುದು.

ಹಳದಿ ಕಂಡಾಗಲೆಲ್ಲ ಹಸಿ ಹಾಲು ಸೇರಿದೆ ಎಂದು ತೀರ್ಮಾನಿಸಲು ಬಾರದು. ಸಾಕ್ಷಿ ಸುಳ್ಳು ಹೇಳುವ ಎರಡು ಸಂದರ್ಭಗಳಿವೆ. ಕೆಲವು ಬ್ಯಾಕ್ಟೀರಿಯಾಗಳು ತಾವೇ ಫಾಸ್ಫಟೇಸ್ ತಯಾರಿಸುತ್ತವೆ, ಅದು ಬಿಸಿಗೆ ಹಾಲಿನ ಕಿಣ್ವದಷ್ಟು ಸುಲಭವಾಗಿ ಬಗ್ಗುವುದಿಲ್ಲ. ಇದನ್ನು ತಿಳಿಯುವುದು ಸುಲಭ: ಸಂಶಯದ ಹಾಲನ್ನು ಪ್ರಯೋಗಾಲಯದಲ್ಲೇ 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಮತ್ತೆ ಪರೀಕ್ಷಿಸಿದಾಗಲೂ ಹಳದಿ ಉಳಿದರೆ ಅದು ಹಾಲಿನ ಕಿಣ್ವವಲ್ಲ. ಎರಡನೆಯದು ಹೆಚ್ಚು ವಿಚಿತ್ರ. ಸತ್ತ ಕಿಣ್ವ ಮತ್ತೆ ಜೀವ ತಳೆಯುತ್ತದೆ. ಹೆಚ್ಚು ತಾಪದಲ್ಲಿ ಬಹಳ ಕಡಿಮೆ ಹೊತ್ತು ಕಾಯಿಸಿದ ಹಾಲಿನಲ್ಲಿ, ಅದರಲ್ಲೂ ಕೆನೆಯಲ್ಲಿ, ಹೊರಬಂದ ಕೂಡಲೇ ಪರೀಕ್ಷೆ ಸೊನ್ನೆ ಹೇಳುತ್ತದೆ. ತಂಪು ಸಾಲದೆ ಕೆಲವು ದಿನ ಇಟ್ಟ ಮೇಲೆ ಅದೇ ಕೆನೆ ಹಳದಿ ತೋರಿಸುತ್ತದೆ. ಇದನ್ನು ರೈಟ್ ಮತ್ತು ಟ್ರೇಮರ್ 1953ರಲ್ಲಿ ವಿವರವಾಗಿ ವರದಿ ಮಾಡಿದರು. ಅರೆಬರೆ ಬಿಚ್ಚಿಕೊಂಡ ಕಿಣ್ವದ ಸರಪಳಿ ನಿಧಾನವಾಗಿ ಮತ್ತೆ ಮಡಿಚಿಕೊಳ್ಳುತ್ತದೆ. ಮೆಗ್ನೀಷಿಯಂ ಅದಕ್ಕೆ ನೆರವಾಗುತ್ತದೆ. ಆ ಗುಣವೇ ಪರೀಕ್ಷಕನಿಗೆ ಕೈಹಿಡಿ. ಮಾದರಿಯನ್ನು ಎರಡು ಪಾಲು ಮಾಡಿ ಒಂದಕ್ಕೆ ಮೆಗ್ನೀಷಿಯಂ ಲವಣ ಸೇರಿಸಿ ಒಂದು ಗಂಟೆ ಬೆಚ್ಚಗಿಟ್ಟಾಗ ಅದರ ಫಾಸ್ಫಟೇಸ್ ಹಲವು ಪಟ್ಟು ಏರಿದರೆ ಅದು ಮರುಜೀವ ಪಡೆದ ಕಿಣ್ವ. ಏರದಿದ್ದರೆ ಹಸಿ ಹಾಲಿನದೇ. ಡೇರಿಯ ಮೇಲೆ ಕೇಸು ಹಾಕುವ ಮೊದಲು ಆಹಾರ ನಿರೀಕ್ಷಕರು ಈ ಒಂದು ಗಂಟೆ ಖರ್ಚು ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಸಾಕ್ಷಿಗೆ ಗೊತ್ತೇ ಇಲ್ಲದ ಸಂಗತಿಗಳೂ ಇವೆ. ಆಡಿನ ಹಾಲಿನಲ್ಲಿ ಈ ಕಿಣ್ವ ಹುಟ್ಟಿನಿಂದಲೇ ಕಡಿಮೆ, ಹಾಗಾಗಿ ಹಸುವಿನ ಹಾಲಿನ ಮಿತಿಯನ್ನು ಅದಕ್ಕೆ ಹಚ್ಚಿದರೆ ಅರೆಕಾದ ಹಾಲೂ ಪಾಸಾಗುತ್ತದೆ. ಒಂಟೆಯ ಹಾಲಿನಲ್ಲಿ ತೊಂದರೆ ತಿರುಗುಮುರುಗು: ಅಲ್ಲಿನ ಕಿಣ್ವ ಪಾಶ್ಚರೀಕರಣವನ್ನು ದಾಟಿಯೂ ಉಳಿಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಕಾಯಿಸಿದ ಮೇಲೆ ಹಾಲಿಗೆ ಏನಾಯಿತು ಎಂದು ಫಾಸ್ಫಟೇಸ್ ಹೇಳಲಾರದು. 1985ರಲ್ಲಿ ಶಿಕಾಗೋ ಸುತ್ತಮುತ್ತ ಪಾಶ್ಚರೀಕರಿಸಿದ ಹಾಲು ಕುಡಿದು ಸಾಲ್ಮೊನೆಲ್ಲಾ ರೋಗ ತಗಲಿತೆಂದು ಪ್ರಯೋಗಾಲಯದಲ್ಲಿ ಖಚಿತವಾದವರೇ ಹದಿನಾರು ಸಾವಿರಕ್ಕೂ ಹೆಚ್ಚು. ತನಿಖೆಯವರು ತಲುಪಿದ ಅಭಿಪ್ರಾಯ, ರೋಗಾಣು ಡೇರಿಯೊಳಗೇ ನೆಲೆಯೂರಿ ಪಾಶ್ಚರೀಕರಣದ ನಂತರ ಹಾಲಿಗೆ ಮತ್ತೆ ಮತ್ತೆ ಸೇರುತ್ತಿತ್ತು ಎಂಬುದು. ಕೊಳಕು ಕೈ, ತೊಳೆಯದ ಕೊಳವೆ, ಪ್ಯಾಕಿಂಗ್ ಯಂತ್ರದ ನಾಜಲ್ಲು ತರುವ ರೋಗಾಣುವಿನ ಜೊತೆ ಹಾಲಿನ ಕಿಣ್ವ ಬರುವುದಿಲ್ಲ. ಅದಕ್ಕೆ ಕೋಲಿಫಾರ್ಮ್ ಪರೀಕ್ಷೆ ಬೇಕು. ಫಾಸ್ಫಟೇಸ್ ನೆಗೆಟಿವ್ ಎಂದರೆ ಹಾಲು ಕಾದಿದೆ ಎಂದಷ್ಟೇ ಅರ್ಥ.

ಬಿಸಿಗೆ ಹೆಚ್ಚು ತಡೆಯುವುದು ಕ್ಷಯದ ರೋಗಾಣುವೇ ಎಂಬ ಹಳೆಯ ಲೆಕ್ಕವನ್ನೂ ಮುಂದೆ ತಿದ್ದಬೇಕಾಯಿತು. ಕ್ಯೂ ಜ್ವರದ ರೋಗಾಣು ಕಾಕ್ಸಿಯೆಲ್ಲಾ ಅದಕ್ಕಿಂತಲೂ ಹೆಚ್ಚು ಬಿಸಿಗೆ ತಡೆಯುತ್ತದೆ ಎಂದು ಕ್ಯಾಲಿಫೋರ್ನಿಯಾದ ಪ್ರಯೋಗಗಳು ತೋರಿಸಿದ ಮೇಲೆ, 1956ರಲ್ಲಿ ಅಮೆರಿಕ ಹೋಲ್ಡರ್ ತಾಪವನ್ನು 143ರಿಂದ 145 ಡಿಗ್ರಿ ಫ್ಯಾರನ್‌ಹೀಟಿಗೆ ಏರಿಸಿತು. ನಾವು ಇಂದು ಹೇಳುವ 63 ಡಿಗ್ರಿ ಅದೇ. ಹದಿನೈದು ಸೆಕೆಂಡಿನ ವಿಧಾನವನ್ನು ಬದಲಿಸಬೇಕಾಗಲಿಲ್ಲ.

ಎರಡು ಗಂಟೆ ಕಾಯುವುದೇ ಈ ಪರೀಕ್ಷೆಯ ದೊಡ್ಡ ಅನನುಕೂಲ. ಮುಂಜಾವಿಗೆ ವ್ಯಾನು ಹೊರಡಬೇಕು, ಪ್ರನಾಳ ಇನ್ನೂ ನೀರಿನಲ್ಲಿದೆ. ಈಗ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ, ಹಳದಿಯ ಬದಲು ಪ್ರತಿದೀಪ್ತಿ ಅಳೆಯುವ ಉಪಕರಣಗಳಿವೆ. ಅವು ಹತ್ತು ಸಾವಿರ ಲೀಟರಿನಲ್ಲಿ ಒಂದು ಲೀಟರಿಗೂ ಕಡಿಮೆ ಹಸಿ ಹಾಲನ್ನು ಗುರುತಿಸಬಲ್ಲವು. ಯುರೋಪ್, ಅಮೆರಿಕಗಳಲ್ಲಿ ಮಿತಿಯನ್ನು ಲೀಟರಿಗೆ 350 ಮಿಲಿಯೂನಿಟ್ಟು ಎಂದು ಅವುಗಳ ಆಧಾರದ ಮೇಲೇ ಇಟ್ಟಿದ್ದಾರೆ. ಬೆಲೆ ಹೆಚ್ಚು ಎಂಬ ಮಾತು ನಿಜ. ಆದರೆ ದಿನಕ್ಕೆ ಲಕ್ಷ ಲೀಟರ್ ಕಳಿಸುವ ಡೇರಿ ಆ ಮಾತು ಹೇಳಬಾರದು. ಸಣ್ಣ ಡೇರಿಗೆ ಹಳದಿ ಪ್ರನಾಳ ಸಾಕು, ಫಲಿತಾಂಶ ಬರುವ ತನಕ ಸೈಲೋ ತೆರೆಯದಿರುವ ಶಿಸ್ತು ಇದ್ದರೆ.

ಸಣ್ಣ ಡೇರಿ ಎಂದಾಗ ಇನ್ನೊಂದು ಮಾತು. ಹೋಲ್ಡರ್ ತೊಟ್ಟಿ ಹೋಯಿತು ಎಂದುಕೊಂಡಿದ್ದೆವು, ಬೆಂಗಳೂರಿನ ಸುತ್ತಲಿನ ತೋಟಗಳಲ್ಲಿ ಅದು ಮತ್ತೆ ಬಂದಿದೆ. ಇನ್ನೂರು ಮುನ್ನೂರು ಲೀಟರಿನ ತೊಟ್ಟಿ, ಗಾಜಿನ ಬಾಟಲಿ, ಮನೆ ಬಾಗಿಲಿಗೆ ಹಾಲು. ನೊರೆ, ತಳದ ವಾಲ್ವು, ಮುಚ್ಚಳದ ಕೆಳಗಿನ ಗಾಳಿ, ಹಳೆಯ ತೊಂದರೆಗಳೆಲ್ಲ ಅದರ ಜೊತೆಗೇ ಬಂದಿವೆ. ನಮ್ಮಲ್ಲಿ ಬಹುಪಾಲು ಜನ ಪ್ಯಾಕೆಟ್ ಹಾಲನ್ನೂ ಮನೆಯಲ್ಲಿ ಉಕ್ಕಿಸಿಯೇ ಕುಡಿಯುವುದರಿಂದ ಎಷ್ಟೋ ತಪ್ಪುಗಳು ಒಲೆಯ ಮೇಲೆ ಮುಚ್ಚಿಹೋಗುತ್ತವೆ. ಬಾಟಲಿಯಿಂದ ನೇರವಾಗಿ ಲೋಟಕ್ಕೆ ಸುರಿದು ಕುಡಿಯುವವರಿಗೆ ಆ ರಕ್ಷಣೆಯಿಲ್ಲ. ಅಂಥ ಹಾಲು ತರಿಸುವವರು ಇಲ್ಲಿ ಇದ್ದರೆ ನನ್ನ ಕೋರಿಕೆ ಇಷ್ಟೇ: ಹಸು ಯಾವ ತಳಿ, ಏನು ಮೇಯುತ್ತದೆ ಎಂದು ಕೇಳುವಾಗ, ಈ ವಾರದ ಫಾಸ್ಫಟೇಸ್ ಫಲಿತಾಂಶ ಎಷ್ಟು ಎಂದೂ ಕೇಳಿ. 10ಕ್ಕಿಂತ ಕೆಳಗಿನ ಒಂದು ಅಂಕಿ ಹೇಳಿದರೆ ಕೊಳ್ಳಿ. ಹಾಗೆಂದರೇನು ಎಂದು ಅವರೇ ಮರುಪ್ರಶ್ನೆ ಹಾಕಿದರೆ, ಹಾಲನ್ನು ಕುದಿಸಿ ಕುಡಿಯಿರಿ.